ಬೆರಳ ತುದಿಯ ಲೆಕ್ಕ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಜರ್ ಬರೆದವನು ನಾನು. ಅಂಕಿ ಕಂಡರೆ ನಂಬುವ ಸ್ವಭಾವ. ಹೋದ ಆಷಾಢದಲ್ಲಿ ಮನೆಯ ಥರ್ಮಾಮೀಟರ್ ಮತ್ತು ಆಕ್ಸಿಮೀಟರ್ ಸೇರಿ ನನಗೆ ಹೊಸ ಪಾಠ ಕಲಿಸಿದವು.

ಸಾಗರದಲ್ಲಿ ಆ ವಾರ ಬಿಡದ ಮಳೆ. ನನ್ನಾಕೆಗೆ ಜ್ವರ, ಕೆಮ್ಮು. ರಾತ್ರಿ ಅವಳ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆ. ಆಮ್ಲಜನಕ 84! ನನ್ನ ಎದೆ ಧಸಕ್ಕೆಂದಿತು. "ನನಗೇನೂ ಆಗಿಲ್ಲ, ಕೈ ತಣ್ಣಗಾಗಿದೆ ಅಷ್ಟೆ. ನೀವು ಗಾಬರಿ ಮಾಡ್ಕೋಬೇಡಿ" ಎಂದಳು. ಮಾತು ಸರಾಗವಾಗಿಯೇ ಇತ್ತು.

ಎಂಟನೇ ತರಗತಿಯ ಮೊಮ್ಮಗಳು ಯಂತ್ರವನ್ನು ದಿಟ್ಟಿಸಿ ನೋಡಿದಳು. ಅದರಲ್ಲಿ ಎರಡು ಅಂಕಿ ಇರುತ್ತವೆ. SpO2 ಎಂದಿರುವುದು ಆಮ್ಲಜನಕದ್ದು, PRbpm ಎಂದಿರುವುದು ನಾಡಿ ಬಡಿತದ್ದು. ಎರಡನ್ನೂ ಅದಲು ಬದಲು ಮಾಡಿಕೊಂಡು ಹೆದರುವವರೂ ಇದ್ದಾರೆ. "ಅಜ್ಜ, ನಾಡಿ 52 ಅಂತ ತೋರಿಸ್ತಿದೆ. ಆದ್ರೆ ನಾನು ಅಜ್ಜಿ ಕೈ ಹಿಡಿದು ಒಂದು ನಿಮಿಷ ಎಣಿಸಿದ್ರೆ 96 ಬಂತು" ಎಂದಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಲೆಕ್ಕ ತಾಳೆ ಬರಲಿಲ್ಲ!

ಈ ಯಂತ್ರ ಬೆರಳಿನೊಳಗೆ ಬೆಳಕು ಹಾಯಿಸಿ, ರಕ್ತದ ಮಿಡಿತ ಹಿಡಿದು ಲೆಕ್ಕ ಹಾಕುತ್ತದೆ. ಬೆರಳು ತಣ್ಣಗಿದ್ದರೆ, ಕೈ ಅಲುಗಿದರೆ, ಉಗುರಿಗೆ ಬಣ್ಣವಿದ್ದರೆ ಮಿಡಿತ ಸರಿಯಾಗಿ ಸಿಗುವುದಿಲ್ಲ. ಮಿಡಿತವೇ ತಪ್ಪಾದ ಮೇಲೆ ಆಮ್ಲಜನಕದ ಅಂಕಿಯನ್ನು ನಂಬುವುದು ಹೇಗೆ? ಅವಳನ್ನು ಕೂರಿಸಿ, ಕೈ ಉಜ್ಜಿ ಬೆಚ್ಚಗೆ ಮಾಡಿ, ಬೇರೆ ಬೆರಳಿಗೆ ಸಿಕ್ಕಿಸಿ, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾದೆವು. ಆಮ್ಲಜನಕ 97, ನಾಡಿ 95. ನಿಟ್ಟುಸಿರು ಬಿಟ್ಟೆ.

ಮೊಮ್ಮಗಳು ನೋಟ್‌ಪುಸ್ತಕದಲ್ಲಿ ಹೊತ್ತಿನ ಸಮೇತ ಬರೆಯತೊಡಗಿದಳು. ಮಾರನೆ ಬೆಳಿಗ್ಗೆ 96, ಸಂಜೆ 95. ಮೂರನೇ ದಿನ ಬೆಳಿಗ್ಗೆ 94. ಒಂದೆರಡು ಅಂಕ ಹೆಚ್ಚು ಕಡಿಮೆಯಾಗುವುದು ಈ ಯಂತ್ರಕ್ಕೆ ಸಹಜ ಎಂದು ನಾನು ಸುಮ್ಮನಾದೆ. ಅದೇ ನನ್ನ ತಪ್ಪು. ಒಂದು ಅಂಕದ ಇಳಿತಕ್ಕೆ ಅರ್ಥವಿಲ್ಲದಿರಬಹುದು, ಪ್ರತಿ ಸಲವೂ ಇಳಿಯುತ್ತಿದ್ದರೆ ಅರ್ಥವಿದೆ.

ನನ್ನನ್ನು ಇನ್ನಷ್ಟು ಮರುಳು ಮಾಡಿದ್ದು ಥರ್ಮಾಮೀಟರ್. ಆ ಸಂಜೆ ನಾಲ್ಕಕ್ಕೆ ಕಂಕುಳಲ್ಲಿ 99.2 ಡಿಗ್ರಿ. "ಜ್ವರ ಇಳಿದಿದೆ" ಎಂದೆ. ಪುಸ್ತಕ ನೋಡಿದರೆ ಎರಡು ಗಂಟೆಗೆ ಪ್ಯಾರಾಸಿಟಮಾಲ್ ನುಂಗಿದ್ದಳು. ಇಳಿದದ್ದು ಮಾತ್ರೆಯಿಂದ, ಕಾಯಿಲೆ ಇದ್ದಲ್ಲೇ ಇತ್ತು. ಮೇಲಾಗಿ ಕಂಕುಳಿನ ಅಂಕಿ ಬಾಯಿಯದಕ್ಕಿಂತ ಸುಮಾರು ಒಂದು ಡಿಗ್ರಿ ಕಡಿಮೆ ಇರುತ್ತದೆ. ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗುವಂತೆ ಇಟ್ಟು, ಬೀಪ್ ಕೇಳುವವರೆಗೆ ತೋಳು ಒತ್ತಿ ಹಿಡಿಯದಿದ್ದರೆ ಇನ್ನೂ ಕಡಿಮೆ. ಬಾಯಿಯಲ್ಲಿ ಇಡುವುದಾದರೆ ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ವಯಸ್ಸಾದವರಿಗೆ ಸೋಂಕು ಜೋರಾಗಿದ್ದರೂ ಜ್ವರ ಏರದೇ ಇರಬಹುದು.

ಅಷ್ಟರಲ್ಲಿ ಮೊಮ್ಮಗಳು, "ಅಜ್ಜ, ಅಜ್ಜಿ ಒಂದು ವಾಕ್ಯ ಮುಗಿಸೋಕೆ ಎರಡು ಸಲ ಉಸಿರು ತಗೋತಿದ್ದಾರೆ" ಎಂದಳು. ಆಕ್ಸಿಮೀಟರ್ ಹಾಕಿದರೆ 92. ಈ ಸಲ ಕೈ ಬೆಚ್ಚಗಿತ್ತು, ನಾಡಿಯೂ ತಾಳೆ ಬಂತು. ಆಟೋ ಕರೆಸಿ ಆಸ್ಪತ್ರೆಗೆ ಹೋದೆವು. ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ಐದು ದಿನ ಅಲ್ಲೇ ಇದ್ದು ಗುಣವಾಗಿ ಬಂದಳು.

ಡಾಕ್ಟರು ಆ ಪುಸ್ತಕವನ್ನು ಓದಿ, ಬೆಳಿಗ್ಗೆಯೇ ಫೋನ್ ಮಾಡಬೇಕಿತ್ತು ಎಂದು ನನ್ನನ್ನು ಗದರಿದರು. ಅವರು ಹೇಳಿದ್ದನ್ನು ಮೊಮ್ಮಗಳು ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಾಳೆ. ಕೈ ಬೆಚ್ಚಗೆ ಮಾಡಿ ಮತ್ತೆ ನೋಡಿದಾಗಲೂ 94 ಅಥವಾ 93 ಇದ್ದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. 92 ಅಥವಾ ಅದಕ್ಕಿಂತ ಕಡಿಮೆಯಾದರೆ ಕೂಡಲೇ ಆಸ್ಪತ್ರೆಗೆ. ಹಳೆಯ ಶ್ವಾಸಕೋಶದ ಕಾಯಿಲೆ ಇದ್ದವರ ಅಂಕಿ ಬೇರೆ, ಅದನ್ನು ಅವರ ವೈದ್ಯರಿಂದಲೇ ಕೇಳಿಟ್ಟುಕೊಳ್ಳಬೇಕು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಬಂದರೆ ಕಾಯುವಂತಿಲ್ಲ. ದೊಡ್ಡವರಿಗೆ 103 ದಾಟಿದರೆ, ಅಥವಾ ಜ್ವರ ಮೂರು ದಿನವಾದರೂ ಬಿಡದಿದ್ದರೆ ತೋರಿಸಬೇಕು.

ಅದರ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಮಾತಿದೆ. ಉಸಿರಾಟ ಕಷ್ಟವಾದರೆ, ತುಟಿ ನೀಲಿಗಟ್ಟಿದರೆ, ಎದೆ ನೋವು ಬಂದರೆ, ಮಾತು ತಡವರಿಸಿ ಮಂಕು ಕವಿದರೆ ಯಂತ್ರ 98 ತೋರಿಸಿದರೂ ಹೊರಡಬೇಕು. ಗ್ಯಾಸ್ ಗೀಸರಿನ ಹೊಗೆ ಕುಡಿದವರಿಗೆ ಈ ಯಂತ್ರ ಒಳ್ಳೆಯ ಅಂಕಿಯನ್ನೇ ತೋರಿಸಿ ಮೋಸ ಮಾಡುತ್ತದಂತೆ. ಮೈಬಣ್ಣ ಕಪ್ಪಗಿದ್ದವರಿಗೂ ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವವಿದೆ.

ಆ ನೋಟ್‌ಪುಸ್ತಕ ಈಗ ಥರ್ಮಾಮೀಟರಿನ ಡಬ್ಬಿಯ ಪಕ್ಕದಲ್ಲೇ ಇದೆ. ನನ್ನಾಕೆ ಮಾತ್ರ ಈಗಲೂ, "ಮೊದಲು ನನ್ನ ಮುಖ ನೋಡಿ, ಆಮೇಲೆ ಬೆರಳು ನೋಡಿ" ಎನ್ನುತ್ತಾಳೆ.