ಕರಿಮೀನು, ಬಾಳೆ ಎಲೆ, ಸಣ್ಣ ಉರಿ

ಕೇರಳದ ವೇಂಬನಾಡು ಹಿನ್ನೀರಿನ ಸುತ್ತ, ಕುಮರಗಂ, ಆಲಪ್ಪುಳ ಕಡೆಯ ಹೋಟೆಲುಗಳಲ್ಲಿ ಕರಿಮೀನ್ ಪೊಳ್ಳಿಚ್ಚತ್ ಕೇಳಿದರೆ ತಟ್ಟೆಗೆ ಮೊದಲು ಬರುವುದು ಅಲ್ಲಲ್ಲಿ ಕಂದು ಹತ್ತಿದ ಒಂದು ಬಾಳೆ ಎಲೆಯ ಪೊಟ್ಟಣ. ಅದರೊಳಗೆ ಈರುಳ್ಳಿ ಮಸಾಲೆ ಹೊದ್ದ ಇಡೀ ಮೀನು. ಕರಿಮೀನು ಕೇರಳದ ರಾಜ್ಯ ಮೀನು. ಚಪ್ಪಟೆಯಾಗಿ, ಅಗಲವಾಗಿ, ಅಂಗೈಯಷ್ಟಿರುವುದರಿಂದ ಕಾವಲಿಗೆ ಹೇಳಿ ಮಾಡಿಸಿದಂತಿದೆ.

ಈ ಅಡುಗೆಯಲ್ಲಿ ಮೀನು ಎರಡು ಸಲ ಬೇಯುತ್ತದೆ. ಮೊದಲು ಎಣ್ಣೆಯಲ್ಲಿ, ಆಮೇಲೆ ಎಲೆಯಲ್ಲಿ. ಎಲೆಯೊಳಗೆ ಮೀನಿನ ನೀರು, ಮಸಾಲೆಯ ನೀರು ಆವಿಯಾಗುತ್ತಿರುತ್ತದೆ. ಆ ನೀರು ಇರುವಷ್ಟು ಹೊತ್ತು ಒಳಗಿನ ಬಿಸಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ದಾಟುವುದಿಲ್ಲ. ಅಷ್ಟರಲ್ಲಿ ಮೀನು ಮೆತ್ತಗೆ ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ಹುರಿದ ರುಚಿ ಬೇಕೆಂದರೆ ಅದು ಎಲೆಗೆ ಹೋಗುವ ಮುಂಚೆಯೇ ಬಂದಿರಬೇಕು.

ಕಾಲು ಕಿಲೋ ತೂಗುವ ಒಂದು ಮೀನು ತೆಗೆದುಕೊಳ್ಳಿ. ಹುರುಪೆ, ಕಿವಿರು, ಹೊಟ್ಟೆ ತೆಗೆದು, ಎರಡೂ ಮಗ್ಗುಲಿಗೆ ಮುಳ್ಳಿನವರೆಗೆ ಮೂರು ಮೂರು ಗೀರು ಹಾಕಿ. ಮೆಣಸಿನ ಪುಡಿ, ಅರಿಶಿನ, ಕಾಳುಮೆಣಸಿನ ಪುಡಿ, ಉಪ್ಪು, ನಿಂಬೆರಸ ಸವರಿ ಅರ್ಧ ಗಂಟೆ ಬಿಡಿ. ತೆಂಗಿನೆಣ್ಣೆಯಲ್ಲಿ ಒಂದೊಂದು ಮಗ್ಗುಲು ಎರಡೇ ನಿಮಿಷ ಹುರಿದರೆ ಸಾಕು, ನಡುಮುಳ್ಳಿನ ಹತ್ತಿರ ಹಸಿಯಾಗಿಯೇ ಇರಲಿ. ಅದೇ ಎಣ್ಣೆಯಲ್ಲಿ ಸಾಂಬಾರ್ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕರಿಬೇವು, ಟೊಮೆಟೊ ಬಾಡಿಸಿ, ಕೊನೆಗೆ ಸ್ವಲ್ಪ ದಪ್ಪ ತೆಂಗಿನ ಹಾಲು ಹಾಕಿ ಗಟ್ಟಿಯಾಗಿಸಿ. ಸೌಟಿನಿಂದ ಜಾರಿ ಬೀಳುವ ಮಸಾಲೆ ಇದಕ್ಕೆ ಆಗದು. ಅದು ಮಡಿಕೆಯಿಂದ ಸೋರಿ ಕಾವಲಿಯ ಮೇಲೆ ಸೀಯುತ್ತದೆ, ಆ ಸೀದ ವಾಸನೆ ಮೀನಿಗೂ ಹತ್ತುತ್ತದೆ.

ಎಲೆಯ ನಡುದಿಂಡು ತೆಗೆದು, ಉರಿಯ ಮೇಲೆ ನಿಧಾನವಾಗಿ ಸರಿಸುತ್ತ ಬಾಡಿಸಬೇಕು. ಮೇಲಿನ ಮೇಣ ಕರಗಿದಂತೆ ಮಾಸಲು ಹಸಿರು ಕಡು ಹಸಿರಾಗಿ ಮಿಂಚುತ್ತದೆ, ಎಲೆ ಬಟ್ಟೆಯಂತೆ ಬಗ್ಗುತ್ತದೆ. ಹಾಗೆ ಬಾಡದ ಎಲೆ ಮಡಚುವಾಗಲೇ ನರದ ಉದ್ದಕ್ಕೂ ಸೀಳುತ್ತದೆ. ಅರ್ಧ ಮಸಾಲೆ ಹರಡಿ, ಮೀನಿಟ್ಟು, ಉಳಿದರ್ಧ ಮೇಲೆ ಹಾಕಿ, ನಾಲ್ಕೂ ಕಡೆಯಿಂದ ಮಡಚಿ ಬಾಳೆನಾರಿನಿಂದ ಕಟ್ಟಿ. ಎಲೆ ಎಳೆಯದಾಗಿದ್ದರೆ ಎರಡು ಪದರ ಇರಲಿ.

ಇನ್ನು ಕಾವಲಿ. ಕಬ್ಬಿಣದ್ದೇ ಒಳ್ಳೆಯದು. ತೆಳು ಕಾವಲಿಯಲ್ಲಿ ಉರಿ ತಾಗುವ ಜಾಗವಷ್ಟೇ ಕಾದು ಎಲೆ ಅಲ್ಲಿ ತೂತು ಬೀಳುತ್ತದೆ. ಮಧ್ಯಮ ಉರಿಯಲ್ಲಿ ಕಾಯಿಸಿ, ಚಮಚೆ ಎಣ್ಣೆ ಸವರಿ, ಮಡಿಕೆಯ ಮಗ್ಗುಲು ಕೆಳಗೆ ಬರುವಂತೆ ಪೊಟ್ಟಣವಿಟ್ಟು ಉರಿ ತಗ್ಗಿಸಿ. ಮೀನಿನ ಭಾರಕ್ಕೆ ಮಡಿಕೆ ಒತ್ತಿ ಕೂರುತ್ತದೆ. ಮೇಲೊಂದು ಮುಚ್ಚಳ ಮುಚ್ಚಿ. ಮೊದಲ ಮಗ್ಗುಲಿಗೆ ಏಳೆಂಟು ನಿಮಿಷ, ತಿರುವಿದ ಮೇಲೆ ಐದಾರು ನಿಮಿಷ. ಎರಡನೆಯ ಸಲಕ್ಕೆ ಕಡಿಮೆ ಸಾಕಾಗುವುದು ಮೀನು ಅದಾಗಲೇ ಒಳಗೆಲ್ಲ ಬಿಸಿಯಾಗಿರುವುದರಿಂದ.

ಗಡಿಯಾರಕ್ಕಿಂತ ಕಿವಿಯನ್ನು ನಂಬುವುದು ಮೇಲು. ಮೊದಮೊದಲು ಚುರ್ ಎನ್ನುವ ಸದ್ದು ಜೋರಾಗಿರುತ್ತದೆ. ಅದು ಇಳಿದರೆ ಕೆಳಗಿನ ಎಲೆಯ ನೀರು ಆರಿತೆಂದೇ ಅರ್ಥ, ತಿರುವುವ ಹೊತ್ತು. ಇಕ್ಕಳದಿಂದ ಹಿಡಿದರೆ ಎಲೆ ಹರಿಯುತ್ತದೆ. ಅಗಲವಾದ ದೋಸೆ ಸಟ್ಟುಗವನ್ನು ಪೂರ್ತಿ ಅಡಿಗೆ ತೂರಿಸಿ, ಮೇಲೆ ಕೈ ಆನಿಸಿ ಒಂದೇ ಸಲಕ್ಕೆ ಮಗುಚಬೇಕು. ಪದೇ ಪದೇ ಮಗುಚಿದರೆ ಮಸಾಲೆ ಒಂದು ಮೂಲೆಗೆ ಸರಿದು ಮೀನು ಬರಿದಾಗುತ್ತದೆ.

ಅವಸರಕ್ಕೆ ಉರಿ ಏರಿಸಿದವರಿಗೆ ಸಿಗುವುದು ಕರಕಲಾದ ಎಲೆ, ಕಹಿ ಹೊಗೆ, ನಡುಮುಳ್ಳಿನ ಬಳಿ ಗುಲಾಬಿ ಬಣ್ಣದ ಹಸಿ ಮಾಂಸ. ಬೆಂದಿದೆಯೇ ಎಂದು ನೋಡಲು ಎಲೆಯ ಮೇಲಿಂದಲೇ ಮೀನಿನ ದಪ್ಪ ಭಾಗಕ್ಕೆ ಕಡ್ಡಿ ಚುಚ್ಚಿ: ತಡೆಯಿಲ್ಲದೆ ಮುಳ್ಳಿನವರೆಗೆ ಇಳಿಯಬೇಕು. ಅನುಮಾನವಿದ್ದರೆ ಬಿಚ್ಚಿ ನೋಡಿ. ಮಾಂಸ ಬೆಳ್ಳಗಾಗಿ ಮುಳ್ಳು ಬಿಟ್ಟು ಬರದಿದ್ದರೆ ಮತ್ತೆ ಮಡಚಿ ಎರಡು ನಿಮಿಷ ಇಡಿ.

ಕರಿಮೀನು ಸಿಗದ ಊರಿನಲ್ಲಿ ಸಣ್ಣ ಪಾಂಫ್ರೆಟ್‌ಗೆ ಇದೇ ಲೆಕ್ಕ ನಡೆಯುತ್ತದೆ. ಬಂಗುಡೆಯಲ್ಲಿ ಅದರದೇ ಕೊಬ್ಬು ಧಾರಾಳವಾಗಿರುವುದರಿಂದ ಮೊದಲು ಹುರಿಯದೆ ಮಸಾಲೆ ಸವರಿ ನೇರವಾಗಿ ಸುತ್ತಬಹುದು. ಮುಳ್ಳಿನವರೆಗೆ ಬೇಯಲು ಎರಡೂ ಮಗ್ಗುಲಿಗೆ ಒಂದೆರಡು ನಿಮಿಷ ಹೆಚ್ಚು ಕೊಡಿ. ಅಂಜಲ್ ತುಂಡಿಗೆ ಮಾತ್ರ ಎಲೆಯ ಉಸಾಬರಿ ಬೇಡ. ಅದನ್ನು ರವೆ ಹಚ್ಚಿ ಹುರಿದರೇ ಚೆನ್ನ.