ಹೆಸರು ಬೇರೆ, ಔಷಧ ಒಂದೇ: ಜೆನರಿಕ್ ಮಾತ್ರೆ ಅಗ್ಗವೇಕೆ?

ಚಿಕ್ಕೋಡಿ: ಕಾಗವಾಡ, ಅಥಣಿ, ರಾಯಬಾಗ ತಾಲ್ಲೂಕುಗಳ ರೋಗಿಗಳು ಚಿಕಿತ್ಸೆಗಾಗಿ ಮೀರಜ್, ಸಾಂಗ್ಲಿಗೂ, ನಿಪ್ಪಾಣಿ ಹಾಗೂ ಚಿಕ್ಕೋಡಿ ಭಾಗದವರು ಕೊಲ್ಲಾಪುರಕ್ಕೂ ಹೋಗುವುದು ಹಳೆಯ ರೂಢಿ. ಅಲ್ಲಿನ ವೈದ್ಯರು ಬರೆದುಕೊಟ್ಟ ಹೆಸರಿನ ಮಾತ್ರೆ ಊರಿನ ಅಂಗಡಿಯಲ್ಲಿ ಸಿಗದೆ ಹೋಗಬಹುದು. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿದರೆ ಬೇರೆ ಹೆಸರಿನ, ತೀರಾ ಕಡಿಮೆ ಬೆಲೆಯ ಮಾತ್ರೆ ಕೈಗೆ ಬರುತ್ತದೆ. ಇಷ್ಟು ಅಗ್ಗದ ಮಾತ್ರೆ ಕೆಲಸ ಮಾಡೀತೇ ಎಂಬ ಸಂಶಯ ಆಗ ಏಳುವುದು ಸಹಜ.

ಪ್ರತಿ ಔಷಧಕ್ಕೂ ಎರಡು ಹೆಸರುಗಳಿರುತ್ತವೆ. ಒಂದು, ರೋಗದ ಮೇಲೆ ಕೆಲಸ ಮಾಡುವ ಮೂಲವಸ್ತುವಿನ ಹೆಸರು; ಇದೇ ಜೆನರಿಕ್ ಹೆಸರು. ಇನ್ನೊಂದು, ಕಂಪನಿ ಇಟ್ಟ ಮಾರಾಟದ ಹೆಸರು. ಮೊದಲನೆಯದು ಗಡಿಯ ಎರಡೂ ಬದಿಗಳಲ್ಲಿ ಒಂದೇ. ಎರಡನೆಯದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.

ಬೆಲೆ ಇಳಿದದ್ದು ಹೇಗೆ?

ಮಧುಮೇಹಿಗಳು ಸೇವಿಸುವ ಸಿಟಾಗ್ಲಿಪ್ಟಿನ್ ಇದಕ್ಕೆ ಒಳ್ಳೆಯ ನಿದರ್ಶನ. ಹೊಸ ಔಷಧವನ್ನು ಕಂಡುಹಿಡಿದ ಕಂಪನಿಗೆ 20 ವರ್ಷಗಳ ಪೇಟೆಂಟ್ ದೊರೆಯುತ್ತದೆ. ಆ ಅವಧಿಯಲ್ಲಿ ಅದರ ಅನುಮತಿಯಿಲ್ಲದೆ ಬೇರಾರೂ ಅದನ್ನು ತಯಾರಿಸುವಂತಿಲ್ಲ. ಭಾರತದಲ್ಲಿ ಸಿಟಾಗ್ಲಿಪ್ಟಿನ್ ಪೇಟೆಂಟ್ 2022ರ ಜುಲೈನಲ್ಲಿ ಮುಗಿಯಿತು. ಕೂಡಲೇ ಅನೇಕ ಕಂಪನಿಗಳು ತಯಾರಿಕೆಗೆ ಇಳಿದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜನೌಷಧಿ ಕೇಂದ್ರಗಳಿಗೆ 50 ಮಿಲಿಗ್ರಾಂನ 10 ಮಾತ್ರೆಗಳು 60 ರೂಪಾಯಿಗೆ ಬಂದವು. ಆಗ ಪ್ರಮುಖ ಬ್ರ್ಯಾಂಡ್‌ಗಳ ಬೆಲೆ 162ರಿಂದ 258 ರೂಪಾಯಿವರೆಗೆ ಇತ್ತೆಂದು ಕೇಂದ್ರ ಸರ್ಕಾರ ತಿಳಿಸಿತ್ತು. ದಿನಕ್ಕೊಂದು ಮಾತ್ರೆ ನುಂಗುವವರಿಗೆ ಈ ಲೆಕ್ಕದಲ್ಲಿ ತಿಂಗಳಿಗೆ 486ರಿಂದ 774 ರೂಪಾಯಿ ತಗಲುತ್ತಿದ್ದುದು 180 ರೂಪಾಯಿಗೆ ಇಳಿಯಿತು.

ಮೂಲವಸ್ತುವಿನಲ್ಲಿ ಕಡಿತವಾದುದರಿಂದ ಬೆಲೆ ಇಳಿದದ್ದಲ್ಲ. ಸಾವಿರಾರು ರೋಗಿಗಳ ಮೇಲೆ ವರ್ಷಗಟ್ಟಲೆ ನಡೆಯುವ ಪ್ರಯೋಗವನ್ನು ಎರಡನೆಯ ತಯಾರಕರು ಮತ್ತೆ ನಡೆಸಬೇಕಾಗಿಲ್ಲ. ವೈದ್ಯರ ಬಳಿಗೆ ಪ್ರತಿನಿಧಿಗಳನ್ನು ಕಳುಹಿಸುವ ವೆಚ್ಚವೂ ಜನೌಷಧಿಗೆ ಇಲ್ಲ. ಹಲವರು ತಯಾರಿಸುವಾಗ ಪೈಪೋಟಿಯೇ ಬೆಲೆಯನ್ನು ತಗ್ಗಿಸುತ್ತದೆ.

ಸಮಾನವೆಂಬುದಕ್ಕೆ ಸಾಕ್ಷಿ ಏನು? ಆರೋಗ್ಯವಂತ ಸ್ವಯಂಸೇವಕರಿಗೆ ಎರಡೂ ಮಾತ್ರೆಗಳನ್ನು ಬೇರೆ ಬೇರೆ ದಿನ ಕೊಟ್ಟು, ಔಷಧ ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ ರಕ್ತ ಸೇರಿತೆಂದು ಅಳೆಯುತ್ತಾರೆ. ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳ ಹೊಸ ಪರವಾನಗಿಗೆ ಈ ಪರೀಕ್ಷೆಯನ್ನು 2017ರಲ್ಲಿ ಕಡ್ಡಾಯಗೊಳಿಸಲಾಯಿತು.

ಎಚ್ಚರ ಬೇಕಾದಲ್ಲಿ

ಹೆಸರಿನ ಗೊಂದಲದಿಂದಲೇ ಅಪಾಯ ಹುಟ್ಟುವುದುಂಟು. ಮೀರಜ್‌ನಲ್ಲಿ ಕೊಂಡ ಬ್ರ್ಯಾಂಡ್ ಮಾತ್ರೆ ಇನ್ನೂ ಮನೆಯಲ್ಲಿರುವಾಗ, ಅಥಣಿಯಲ್ಲಿ ಕೊಂಡ ಜೆನರಿಕ್ ಮಾತ್ರೆಯನ್ನು ಬೇರೆ ಔಷಧವೆಂದು ಭಾವಿಸಿ ವೃದ್ಧರು ಎರಡನ್ನೂ ನುಂಗಬಹುದು. ಅದು ಗ್ಲಿಮೆಪಿರೈಡ್‌ನಂತಹ ಮಧುಮೇಹದ ಮಾತ್ರೆಯಾಗಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು, ಬೆವರು, ನಡುಕ, ಮಂಪರು ಕಾಣಿಸಿಕೊಳ್ಳುತ್ತವೆ.

ಇದನ್ನು ತಪ್ಪಿಸುವ ಉಪಾಯ ಸ್ಟ್ರಿಪ್ಪಿನ ಮೇಲೆಯೇ ಇದೆ. 2018ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ನಿಯಮದಂತೆ ಬಹುತೇಕ ಔಷಧಗಳ ಮೇಲೆ ಜೆನರಿಕ್ ಹೆಸರು ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿರಬೇಕು. ಹಳೆಯ ಮತ್ತು ಹೊಸ ಸ್ಟ್ರಿಪ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಮೂರು ಸಂಗತಿಗಳನ್ನು ಹೋಲಿಸಬೇಕು: ಮೂಲವಸ್ತುವಿನ ಹೆಸರು, ಅದರ ಮಿಲಿಗ್ರಾಂ, ಮತ್ತು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಹಾಕುವ ಎಸ್‌ಆರ್, ಇಆರ್ ಎಂಬ ಗುರುತು. ಸಿಟಾಗ್ಲಿಪ್ಟಿನ್ ಮಾತ್ರವಿರುವ ಮಾತ್ರೆಯೂ ಅದರೊಡನೆ ಮೆಟ್‌ಫಾರ್ಮಿನ್ ಸೇರಿದ ಮಾತ್ರೆಯೂ ಒಂದೇ ಅಲ್ಲ.

ಮೂರ್ಛೆರೋಗದ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂತಹ ಔಷಧಗಳಲ್ಲಿ ರಕ್ತದಲ್ಲಿನ ಅಲ್ಪ ವ್ಯತ್ಯಾಸವೂ ತೊಂದರೆ ತರಬಲ್ಲದು. ಅವನ್ನು ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಕಂಪನಿ ಬದಲಿಸಬಾರದು.

ಅಂಗಡಿಯವರು ತಾವಾಗಿಯೇ ಬದಲಿ ಕೊಡುವುದಕ್ಕೂ ಮಿತಿಯಿದೆ. ವೈದ್ಯರ ಚೀಟಿಯಿಲ್ಲದೆ ಮಾರಲಾಗದ ಷೆಡ್ಯೂಲ್ ಎಚ್ ಔಷಧಗಳಲ್ಲಿ, ಬರೆದದ್ದರ ಬದಲಿಗೆ ಬೇರೆಯದನ್ನು ನೀಡಲು ಔಷಧ ನಿಯಮಗಳು ಅವಕಾಶ ಕೊಡುವುದಿಲ್ಲ. ಆದ್ದರಿಂದ ಜೆನರಿಕ್ ಬೇಕೆಂಬ ಮಾತನ್ನು ವೈದ್ಯರ ಕೋಣೆಯಲ್ಲಿಯೇ ಆಡಬೇಕು. ಜೆನರಿಕ್ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿಯೇ ವೈದ್ಯರಿಗೆ ಸೂಚಿಸಿತ್ತು. ಹಾಗೆ ಬರೆಸಿಕೊಂಡ ಚೀಟಿ ಮೀರಜ್‌ನಲ್ಲಿಯೂ ನಡೆಯುತ್ತದೆ, ಕಾಗವಾಡದಲ್ಲಿಯೂ ನಡೆಯುತ್ತದೆ.