ಆರು ಗಂಟೆ, ಐವತ್ತು ಕಿಲೋಮೀಟರ್, ಅರ್ಧ ಸುತ್ತಿನ ನಡಿಗೆ

ಮ್ಯಾರಥಾನ್‌ನಲ್ಲಿ ದೂರ ಎಲ್ಲರಿಗೂ ಒಂದೇ, ಸಮಯ ಅವರವರದು. ಆರು ಗಂಟೆಯ ಓಟದಲ್ಲಿ ಸಮಯ ಎಲ್ಲರಿಗೂ ಒಂದೇ, ದೂರ ಅವರವರದು. ಎಷ್ಟೇ ಜೋರಾಗಿ ಓಡಿದರೂ ಬೇಗ ಮುಗಿಸಿ ಮನೆಗೆ ಹೋಗುವಂತಿಲ್ಲ. ಕೊನೆಯ ಹಾರ್ನ್ ಆಗುವವರೆಗೆ ಒಂದೇ ಹಾದಿಯಲ್ಲಿ ಸುತ್ತುತ್ತಿರಬೇಕು; ಕೂತರೂ ನಿಂತರೂ ಗಡಿಯಾರ ನಡೆಯುತ್ತಲೇ ಇರುತ್ತದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಈ ಬಗೆಯ ಓಟ ಹೊಸದಲ್ಲ. 2022ರ ಜುಲೈನಲ್ಲಿ ಏಷ್ಯಾ ಮತ್ತು ಓಷಿಯಾನಿಯಾದ 24 ಗಂಟೆ ಓಟದ ಚಾಂಪಿಯನ್‌ಷಿಪ್ ನಡೆದದ್ದು ಅಲ್ಲೇ. ಭಾರತದ ಪುರುಷರ ತಂಡ ಅಲ್ಲಿ ಚಿನ್ನ ಗೆದ್ದಿತು.

ಹವ್ಯಾಸಿ ಓಟಗಾರರಿಗೆ ಆರು ಗಂಟೆಯಲ್ಲಿ 50 ಕಿ.ಮೀ. ಒಳ್ಳೆಯ ಗುರಿ. ಮ್ಯಾರಥಾನನ್ನು ನಾಲ್ಕೂವರೆ ಗಂಟೆಯೊಳಗೆ ಮುಗಿಸುವವರಿಗೆ ಇದು ಕಷ್ಟವಾದರೂ ಕೈಗೆಟಕುವಂಥದ್ದು. ಐದು ಗಂಟೆ ತೆಗೆದುಕೊಳ್ಳುವವರು 44 ಅಥವಾ 45 ಕಿ.ಮೀ. ಇಟ್ಟುಕೊಳ್ಳುವುದು ಲೇಸು. 400 ಮೀಟರ್ ಟ್ರ್ಯಾಕ್‌ನಲ್ಲಿ 50 ಕಿ.ಮೀ. ಎಂದರೆ 125 ಸುತ್ತು. 360 ನಿಮಿಷವನ್ನು 50ರಿಂದ ಭಾಗಿಸಿದರೆ ಕಿಲೋಮೀಟರಿಗೆ 7 ನಿಮಿಷ 12 ಸೆಕೆಂಡ್ ಬರುತ್ತದೆ. ಹಲವರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ, ಎಡವುವುದೂ ಇಲ್ಲೇ. ಶೌಚಾಲಯಕ್ಕೆ ಹೋಗಬೇಕು, ಶೂ ಲೇಸ್ ಬಿಗಿ ಮಾಡಬೇಕು, ಮಧ್ಯಾಹ್ನದ ಬಿಸಿಲಿಗೆ ಕಾಲು ನಿಧಾನವಾಗುತ್ತದೆ. ಅದಕ್ಕೆಲ್ಲ ಹತ್ತು ನಿಮಿಷ ಮೊದಲೇ ತೆಗೆದಿಟ್ಟರೆ ಉಳಿಯುವುದು 350 ನಿಮಿಷ, ಅಂದರೆ ಕಿಲೋಮೀಟರಿಗೆ ಸರಿಯಾಗಿ ಏಳು ನಿಮಿಷ.

ಈಗ ನಡಿಗೆಯ ವಿಚಾರ. ಓಟದ ನಡುವೆ ದಣಿವಿಗೆ ಮುಂಚೆಯೇ ನಿಗದಿತವಾಗಿ ನಡೆಯುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಜೆಫ್ ಗ್ಯಾಲೋವೇ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ 10,000 ಮೀಟರ್ ಓಡಿದವರು. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ, ಆ ಪೆಟ್ಟನ್ನು ತಡೆಯುವ ತೊಡೆಯ ಸ್ನಾಯುಗಳು ಗಂಟೆಗಳು ಕಳೆದಂತೆ ಜಖಂಗೊಳ್ಳುತ್ತವೆ. ನಡೆಯುವಾಗ ಈ ಪೆಟ್ಟು ಬಹಳ ಕಡಿಮೆ. ಆದರೆ ನಡಿಗೆ ಪುಕ್ಕಟೆ ಸಿಗುವುದಿಲ್ಲ. ನಡೆದು ಕಳೆದುಕೊಂಡ ಸಮಯವನ್ನು ಓಡಿಯೇ ತುಂಬಿಸಿಕೊಳ್ಳಬೇಕು, ಎಷ್ಟು ನಡೆಯಬೇಕು ಎಂಬುದು ತೀರ್ಮಾನವಾಗುವುದು ಇದರ ಮೇಲೆಯೇ.

ಐದು ಸುತ್ತು ಅಂದರೆ ಎರಡು ಕಿ.ಮೀ. ಇದನ್ನು ಒಂದು ಆವೃತ್ತಿ ಎಂದುಕೊಳ್ಳೋಣ. ಅದಕ್ಕಿರುವುದು 14 ನಿಮಿಷ, ಇಂಥ 25 ಆವೃತ್ತಿ ಆದರೆ ಗುರಿ ಮುಟ್ಟಿದಂತೆ. ಚುರುಕಾಗಿ ನಡೆದರೆ ಕಿಲೋಮೀಟರಿಗೆ ಹತ್ತು ನಿಮಿಷ ಬೇಕು. ಐದರಲ್ಲಿ ಒಂದು ಪೂರ್ತಿ ಸುತ್ತು ನಡೆದರೆ ನಾಲ್ಕು ನಿಮಿಷ ಹೋಯಿತು. ಉಳಿದ ನಾಲ್ಕು ಸುತ್ತನ್ನು ಹತ್ತು ನಿಮಿಷದಲ್ಲಿ, ಅಂದರೆ ಕಿಲೋಮೀಟರಿಗೆ 6 ನಿಮಿಷ 15 ಸೆಕೆಂಡಿನಂತೆ ಓಡಬೇಕು. ನಾಲ್ಕೂವರೆ ಗಂಟೆಯ ಮ್ಯಾರಥಾನ್ ಓಟಗಾರನ ವೇಗವೇ 6 ನಿಮಿಷ 24 ಸೆಕೆಂಡ್. ತನ್ನ ಮ್ಯಾರಥಾನ್ ವೇಗವನ್ನೂ ಮೀರಿ ಆರು ಗಂಟೆ ಓಡಲು ಅವನಿಂದ ಆಗದು. ಅದೇ ಅರ್ಧ ಸುತ್ತು ಮಾತ್ರ ನಡೆದರೆ ಎರಡು ನಿಮಿಷ ಸಾಕು. ಉಳಿದ ನಾಲ್ಕೂವರೆ ಸುತ್ತಿಗೆ 12 ನಿಮಿಷ ಸಿಗುತ್ತದೆ, ಸುತ್ತಿಗೆ 2 ನಿಮಿಷ 40 ಸೆಕೆಂಡ್. ಕಿಲೋಮೀಟರಿಗೆ 6 ನಿಮಿಷ 40 ಸೆಕೆಂಡಾಯಿತು, ಪಕ್ಕದವರ ಜೊತೆ ಮಾತಾಡುತ್ತಾ ಓಡಬಹುದಾದ ವೇಗ. ಹಾಗಾಗಿ 50 ಕಿ.ಮೀ. ಗುರಿಗೆ ಅರ್ಧ ಸುತ್ತಿನ ನಡಿಗೆಯೇ ಸರಿಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ವಾಚಿನಲ್ಲಿ ಅಲಾರಂ ಇಟ್ಟು ನಡೆಯುವವರಿದ್ದಾರೆ. ಸುತ್ತಿನ ಹಾದಿಯಲ್ಲಿ ಅದಕ್ಕಿಂತ ಜಾಗ ಗೊತ್ತು ಮಾಡಿಕೊಳ್ಳುವುದು ಮೇಲು. ನೀರಿನ ಟೇಬಲ್ ಬಂದಲ್ಲಿ ನಡಿಗೆ ಶುರು, ಎದುರು ಬದಿಯ ತಿರುವಿನಲ್ಲಿ ಒಂದು ಕಂಬವನ್ನೋ ಕಸದ ಡಬ್ಬವನ್ನೋ ಗುರುತಿಟ್ಟುಕೊಂಡು ಅಲ್ಲಿ ಓಟ ಶುರು. ಟೇಬಲ್ಲಿನಿಂದ ಒಂದು ಲೋಟ ನೀರು, ಅರ್ಧ ಬಾಳೆಹಣ್ಣು ಕೈಗೆತ್ತಿಕೊಂಡು ಮುಂದೆ ಸಾಗಬೇಕು. ನಡೆಯುತ್ತಲೇ ತಿನ್ನಬೇಕು, ಸಿಪ್ಪೆಯನ್ನು ಆ ಡಬ್ಬಕ್ಕೆ ಹಾಕಿ ಓಡಬೇಕು. ಒಳಲೇನಿನಲ್ಲಿ ಓಡುವವರಿಗೆ ಅಡ್ಡವಾಗದಂತೆ ನಡೆಯುವಾಗ ಹೊರಗೆ ಸರಿಯುವುದು ಟ್ರ್ಯಾಕ್‌ನ ಮರ್ಯಾದೆ.

ಟೇಬಲ್ ಮುಂದೆ ನಿಲ್ಲುವುದೇ ಈ ಓಟದ ದೊಡ್ಡ ಸೋರಿಕೆ. ಉಪ್ಪು ಹಚ್ಚಿದ ಆಲೂಗಡ್ಡೆಯೋ ಕಿತ್ತಳೆಯೋ ಎಂದು ಯೋಚಿಸುತ್ತಾ, ಸ್ವಯಂಸೇವಕರ ಜೊತೆ ಎರಡು ಮಾತಾಡುತ್ತಾ ಪ್ರತಿ ಆವೃತ್ತಿಗೆ 24 ಸೆಕೆಂಡ್ ನಿಂತರೂ 25 ಆವೃತ್ತಿಗೆ ಹತ್ತು ನಿಮಿಷ. ತೆಗೆದಿಟ್ಟದ್ದೆಲ್ಲ ಅಲ್ಲೇ ಖರ್ಚು. ಒಂದು ನಿಮಿಷ ನಿಂತರಂತೂ ಸುಮಾರು ಎರಡು ಆವೃತ್ತಿಯೇ ಕೈಬಿಟ್ಟಂತೆ. ಕಾಲು ನೋವಿನಿಂದ ಗುರಿ ತಪ್ಪಿತು ಎನ್ನುವ ಎಷ್ಟೋ ಜನರ ಸುತ್ತುಗಳ ಪಟ್ಟಿ ತೆಗೆದು ನೋಡಿದರೆ, ಓಡಿದ ಸುತ್ತುಗಳೆಲ್ಲ ಸರಿಯಾಗಿಯೇ ಇರುತ್ತವೆ. ಟೇಬಲ್ ಇರುವ ಸುತ್ತು ಮಾತ್ರ ಉದ್ದವಾಗುತ್ತಾ ಹೋಗಿರುತ್ತದೆ.

ಇನ್ನೊಂದು ತಪ್ಪು ಮೊದಲ ಗಂಟೆಯಲ್ಲಿ ಆಗುತ್ತದೆ. ಬೆಳಗಿನ ತಂಪು, ಹೊಸ ಕಾಲು. ‘ಈಗಲೇ ಯಾಕೆ ನಡೆಯಬೇಕು’ ಎನಿಸುತ್ತದೆ. ಮೊದಲ ನಡಿಗೆಗಳನ್ನು ಬಿಟ್ಟವರಿಗೆ ಅದು ನಾಲ್ಕನೇ ಗಂಟೆಯಲ್ಲಿ ಗೊತ್ತಾಗುತ್ತದೆ. ತೊಡೆ ಕಲ್ಲಾದ ಮೇಲೆ ನಡೆದರೆ ಅದು ಮೊದಲಿನಂತಾಗುವುದಿಲ್ಲ, ನಡಿಗೆಯೂ ಎರಡು ನಿಮಿಷದಲ್ಲಿ ಮುಗಿಯುವುದಿಲ್ಲ. ಓಟದ ಸುತ್ತು ನಿಧಾನವಾಗುವ ಮುಂಚೆಯೇ ನಡಿಗೆ ಎರಡೂವರೆ ನಿಮಿಷಕ್ಕೆ ಜಾರಿದೆಯೇ ಎಂದು ಗಮನಿಸಿ. ದಣಿವಿನ ಮೊದಲ ಸುಳಿವು ಅಲ್ಲೇ ಸಿಗುತ್ತದೆ.

ಲೆಕ್ಕಕ್ಕೆ ವಾಚಿನ ಜಿಪಿಎಸ್ ನಂಬಬಾರದು. ಸುತ್ತಿ ಸುತ್ತಿ ಓಡುವಾಗ ಅದು ಹೆಚ್ಚು ದೂರ ತೋರಿಸುವುದುಂಟು. ನೂರಕ್ಕೆ ಎರಡು ಹೆಚ್ಚಾದರೂ ಕೊನೆಗೆ ಒಂದು ಕಿಲೋಮೀಟರ್ ಕಡಿಮೆ ಬೀಳುತ್ತದೆ. ಮ್ಯಾಟ್ ದಾಟಿದಾಗ ಚಿಪ್ ಎಣಿಸುವ ಸುತ್ತುಗಳೇ ನಿಜ. ಯೋಜನೆಯ ಪ್ರಕಾರ 13 ಆವೃತ್ತಿ, ಅಂದರೆ 26 ಕಿ.ಮೀ., ಮೂರು ಗಂಟೆ ಎರಡು ನಿಮಿಷಕ್ಕೆ ಆಗಬೇಕು. ಅಲ್ಲಿಯವರೆಗೆ ಆ ಹತ್ತು ನಿಮಿಷವನ್ನು ಮುಟ್ಟದಿದ್ದರೆ ಉಳಿದ 12 ಆವೃತ್ತಿಗೆ ತಲಾ 50 ಸೆಕೆಂಡ್ ಹೆಚ್ಚು ಸಿಗುತ್ತದೆ. ಬೆಳಿಗ್ಗೆ ಆರಕ್ಕೆ ಶುರುವಾದ ಓಟದಲ್ಲಿ ಹತ್ತು ಗಂಟೆಯ ನಂತರದ ಬಿಸಿಲಿಗೆ ಇದು ಬೇಕೇ ಬೇಕು. ಅದೇ ಮೂರು ಗಂಟೆಗೆ 28 ಕಿ.ಮೀ. ಆಗಿದ್ದರೆ ಖುಷಿಪಡುವಂತಿಲ್ಲ, ಮುಂದಿನ ಆವೃತ್ತಿಯಿಂದಲೇ ನಿಧಾನಿಸಬೇಕು.

ಐದು ಗಂಟೆಗೆ 41 ಕಿ.ಮೀ. ಮಾತ್ರ ಆಗಿದ್ದರೆ? ಉಳಿದ ಒಂಬತ್ತನ್ನು ಒಂದು ಗಂಟೆಯಲ್ಲಿ ಮುಗಿಸಲು ಒಮ್ಮೆಯೂ ನಡೆಯದೆ 6 ನಿಮಿಷ 40 ಸೆಕೆಂಡಿನಂತೆ ಓಡಬೇಕು. ಸೋತ ಕಾಲಿಗೆ ಅದು ಆಗುವ ಮಾತಲ್ಲ. 48 ಕಿ.ಮೀ.ಗೆ ಇಳಿಯುವುದು ವಿವೇಕ. ಆಗ ನಡಿಗೆಯನ್ನು ಉದ್ದ ಮಾಡುವ ಬದಲು ಓಟವನ್ನು ಗಿಡ್ಡ ಮಾಡಬೇಕು: ಒಂದೂವರೆ ಸುತ್ತು ಓಟ, ಅರ್ಧ ಸುತ್ತು ನಡಿಗೆ. ಓಟ ಕಿಲೋಮೀಟರಿಗೆ ಏಳೂವರೆ ನಿಮಿಷ, ನಡಿಗೆ ಹನ್ನೊಂದು ನಿಮಿಷವಾದರೂ ಗಂಟೆಗೆ ಏಳು ಕಿ.ಮೀ. ದಾಟುತ್ತದೆ.

ಕೊನೆಯ ಸುತ್ತಿನ ನಿಯಮವನ್ನು ಓಟಕ್ಕೆ ಮೊದಲೇ ಕೇಳಿಕೊಂಡಿರಬೇಕು. ಕೆಲವು ಕಡೆ ಪೂರ್ತಿ ಸುತ್ತು ಮಾತ್ರ ಲೆಕ್ಕ. ಅಲ್ಲಿ ಮೂರು ನಿಮಿಷ ಉಳಿದಿರುವಾಗ ಮ್ಯಾಟ್ ದಾಟಿದರೆ ಇನ್ನೊಂದು ಸುತ್ತಿಗೆ ಕೈಹಾಕಬಹುದು, ಎರಡೇ ನಿಮಿಷವಿದ್ದರೆ ನಡೆದುಕೊಂಡು ಬಂದರೂ ಒಂದೇ. ಅರ್ಧ ಸುತ್ತನ್ನೂ ಅಳೆಯುವ ಕಡೆ ಹಾರ್ನ್ ಆಗುವವರೆಗೂ ಓಡಬೇಕು. ಆದ ಕೂಡಲೇ ಬಿಬ್ ಸಂಖ್ಯೆಯ ಗುರುತನ್ನು ನೆಲದ ಮೇಲಿಟ್ಟು, ಅಧಿಕಾರಿ ಬಂದು ಟೇಪ್ ಹಿಡಿಯುವವರೆಗೆ ಅದನ್ನು ಕದಲಿಸಬಾರದು.